ಮುಹೂರ್ತದಿಂದ ಹಿಂದಕ್ಕೆ ಎಣಿಸಿ

ತುಮಕೂರಿನ ಒಂದು ಮನೆಯಲ್ಲಿ ಫೆಬ್ರವರಿ ಎರಡನೇ ವಾರ ಮಗಳ ಮದುವೆ ಎಂದಿಟ್ಟುಕೊಳ್ಳೋಣ. ಮಾತುಕತೆ ಮುಗಿದದ್ದು ಮೇ ತಿಂಗಳಲ್ಲಿ. ಇನ್ನೂ ಒಂಬತ್ತು ತಿಂಗಳಿದೆಯಲ್ಲ ಎಂದು ಎಲ್ಲರೂ ನಿರಾಳವಾಗಿದ್ದಾರೆ. ಆದರೆ ಪಂಚಾಂಗ ತೆರೆದು ಕೂತರೆ ಲೆಕ್ಕ ಬೇರೆಯಾಗುತ್ತದೆ. ನಡುವೆ ಆಷಾಢ ಬರುತ್ತದೆ, ಪಿತೃಪಕ್ಷ ಬರುತ್ತದೆ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಈ ದಿನಗಳಲ್ಲಿ ಮದುವೆಗಳಿಲ್ಲ, ಹಲವು ಮನೆಗಳಲ್ಲಿ ಪತ್ರಿಕೆಯನ್ನೂ ಹಂಚುವುದಿಲ್ಲ. ಉಳಿದ ತಿಂಗಳುಗಳಲ್ಲಿ ಊರಿನ ಮದುವೆಗಳೆಲ್ಲ ಒಟ್ಟಿಗೆ ಬಂದು ಅದೇ ಛತ್ರ, ಅದೇ ಭಟ್ಟರು, ಅದೇ ಟೈಲರ್ ಮುಂದೆ ಸಾಲುಗಟ್ಟುತ್ತವೆ. ಹಾಗಾಗಿ ಇಂದಿನಿಂದ ಮುಂದಕ್ಕೆ ಎಣಿಸುವುದಕ್ಕಿಂತ ಮುಹೂರ್ತದ ದಿನದಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ಕ್ರಮ.

ಮೊದಲ ಕೆಲಸ ಛತ್ರ. ಪುರೋಹಿತರ ಹತ್ತಿರ ಒಂದೇ ಮುಹೂರ್ತ ಕೇಳಿಕೊಂಡು ಛತ್ರ ಹುಡುಕಲು ಹೊರಟವರು ಸಾಮಾನ್ಯವಾಗಿ ಬರಿಗೈಯಲ್ಲಿ ಬರುತ್ತಾರೆ. ಒಳ್ಳೆಯ ಮುಹೂರ್ತ ನಮಗೆ ಹೇಗೆ ಗೊತ್ತೋ ಊರಿನವರಿಗೂ ಹಾಗೇ ಗೊತ್ತು. ಎರಡು ಮೂರು ದಿನ ಬರೆಸಿಕೊಂಡು, ಛತ್ರ ಸಿಕ್ಕ ದಿನವನ್ನು ಗಟ್ಟಿ ಮಾಡುವುದು ಲೇಸು. ನೆಂಟರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿದ್ದರೆ ಪರೀಕ್ಷೆಯ ದಿನಗಳನ್ನೂ ಆಗಲೇ ನೋಡಿಕೊಳ್ಳಬೇಕು.

ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಆದ್ದರಿಂದ ‘ಒಂದು ದಿನದ ಬಾಡಿಗೆ’ ಎಂದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಎಂದು ರಸೀದಿಯಲ್ಲೇ ಬರೆಸಿಕೊಳ್ಳಬೇಕು. ಹಿಂದಿನ ದಿನ ಮಧ್ಯಾಹ್ನವೇ ಬೀಗ ಕೊಡದಿದ್ದರೆ ಅಡುಗೆಯವರು ಎಲ್ಲಿ ಒಲೆ ಹಚ್ಚಬೇಕು, ಹೂವಿನ ಅಲಂಕಾರದವರು ಯಾವಾಗ ಮಂಟಪ ಕಟ್ಟಬೇಕು? ಕರೆಂಟು, ಜನರೇಟರ್, ಸ್ವಚ್ಛತೆಯ ಹಣ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ, ಹೊರಗಿನ ಅಡುಗೆಯವರಿಗೆ ಅವಕಾಶ ಉಂಟೋ ಇಲ್ಲವೋ, ದಿನ ಬದಲಾದರೆ ಮುಂಗಡದ ಗತಿ ಏನು ಎಂಬುದನ್ನೂ ಅಲ್ಲೇ ಕೇಳಿ ತಿಳಿಯಬೇಕು. ಛತ್ರ ಗಟ್ಟಿಯಾದ ವಾರದಲ್ಲೇ ಅಡುಗೆ ಭಟ್ಟರು, ಫೋಟೋದವರು, ವಾಲಗದವರಿಗೆ ಮುಂಗಡ ಕೊಟ್ಟುಬಿಟ್ಟರೆ ಆ ಭಾಗ ಮುಗಿಯಿತು. ಎಲೆಗಳ ಲೆಕ್ಕವನ್ನು ಕೊನೆಯ ವಾರದಲ್ಲಿ ಹೇಳಿದರೆ ಸಾಕು.

ಹೆಚ್ಚು ಎಡವಟ್ಟಾಗುವುದು ಬಟ್ಟೆಯಲ್ಲಿ, ಅದರಲ್ಲೂ ಬ್ಲೌಸಿನಲ್ಲಿ. ಸೀರೆಯನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಅದರ ಹಿಂದೆ ಬರುವ ಕುಚ್ಚು, ಫಾಲ್, ಮಗ್ಗಂ ವರ್ಕ್, ಹೊಲಿಗೆ ಎಲ್ಲವೂ ಬೇರೆ ಬೇರೆಯವರ ಕೈಯ ಕೆಲಸ, ಒಂದು ಮುಗಿಯದೆ ಇನ್ನೊಂದು ಶುರುವಾಗದು. ಮಗ್ಗಂ ವರ್ಕಿಗೆ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕತ್ತು, ಬೆನ್ನು, ತೋಳಿನ ಅಳತೆ ಗುರುತು ಹಾಕಿದ ಮೇಲೆಯೇ ಸೂಜಿ ಆಡುತ್ತದೆ. ಜರಿ, ಮಣಿ ಕೂತ ಮೇಲೆ ಕತ್ತಿನ ಆಳ ಬದಲಿಸುವಂತಿಲ್ಲ, ತೋಳು ಉದ್ದ ಮಾಡುವಂತಿಲ್ಲ. ಆಮೇಲೆ ಸಡಿಲಿಸಲು ಆಗುವುದು ಪಕ್ಕದ ಹೊಲಿಗೆಯನ್ನು ಮಾತ್ರ. ಅದಕ್ಕೇ ಒಳಗೆ ಎರಡೂ ಕಡೆ ಒಂದೊಂದು ಇಂಚಾದರೂ ಬಟ್ಟೆ ಬಿಡಲು ಟೈಲರಿಗೆ ಮೊದಲೇ ಹೇಳಬೇಕು.

ಇಲ್ಲಿ ಒಂದು ತೊಡಕಿದೆ. ಬೇಗ ಕೊಟ್ಟರೆ ಮದುವೆಯ ಹೊತ್ತಿಗೆ ಹುಡುಗಿಯ ಅಳತೆ ಬದಲಾಗಿರಬಹುದು. ತಡ ಮಾಡಿದರೆ ಟೈಲರ್ ಕೈಗೆ ಸಿಗುವುದಿಲ್ಲ. ನಮ್ಮ ತುಮಕೂರಿನ ಮನೆಗೆ ಪಂಚಾಂಗದ ಖಾಲಿ ತಿಂಗಳುಗಳೇ ದಾರಿ ತೋರಿಸುತ್ತವೆ. ಆಷಾಢದಲ್ಲಿ ಜವಳಿ ಅಂಗಡಿಗಳಲ್ಲಿ ಮದುವೆಯವರ ನೂಕುನುಗ್ಗಲು ಇರುವುದಿಲ್ಲ, ರಿಯಾಯಿತಿಯೂ ಇರುತ್ತದೆ. ಧಾರೆ ಸೀರೆ, ಆರತಕ್ಷತೆ ಸೀರೆ, ಬೀಗರಿಗೆ ಕೊಡುವ ಸೀರೆಗಳನ್ನು ಆಗಲೇ ಸಿಲ್ಕ್ ಮಾರ್ಕ್ ನೋಡಿ ಆರಿಸಿ, ಕುಚ್ಚಿಗೆ ಕೊಟ್ಟುಬಿಡಬಹುದು. ಬ್ಲೌಸಿನ ಅಳತೆ ಕೊಡುವುದು ದಸರಾಕ್ಕೆ ಮುಂಚೆ. ಅದು ದಾಟಿದರೆ ದೀಪಾವಳಿಯ ಹೊಲಿಗೆ, ಅದರ ಬೆನ್ನಿಗೆ ಕಾರ್ತಿಕ, ಮಾರ್ಗಶಿರದ ಮದುವೆಗಳು. ಬ್ಲೌಸ್ ತಯಾರಾಗಿ ಬರುವ ಹೊತ್ತಿಗೆ ಧನುರ್ಮಾಸ. ಆಗ ಟೈಲರಿಗೂ ಸ್ವಲ್ಪ ಬಿಡುವು. ಮೊದಲ ಫಿಟಿಂಗ್ ನೋಡಿ ಸರಿಪಡಿಸಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು. ಎರಡನೆಯದು ಮದುವೆಗೆ ಹತ್ತು ದಿನ ಮುಂಚೆ.

ಫಿಟಿಂಗ್ ನೋಡುವುದೆಂದರೆ ಕನ್ನಡಿ ಮುಂದೆ ನೆಟ್ಟಗೆ ನಿಲ್ಲುವುದಲ್ಲ. ಅಂತರಪಟ ಸರಿದಾಗ ಹುಡುಗಿ ಎರಡೂ ಕೈ ಮೇಲೆತ್ತಿ ಹುಡುಗನ ತಲೆಯ ಮೇಲೆ ಜೀರಿಗೆ ಬೆಲ್ಲ ಇಡಬೇಕು, ಹಾರ ಹಾಕಬೇಕು. ಹಾಗಾಗಿ ಫಿಟಿಂಗಿನ ದಿನವೂ ಕೈ ಪೂರ್ತಿ ಎತ್ತಿ ನೋಡಲಿ. ತೋಳು ಹಿಡಿದರೆ, ಬೆನ್ನಿನ ಹುಕ್ಕು ಎಳೆದರೆ ಆಗಲೇ ತಿಳಿಯುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುಂದಕ್ಕೆ ಬಾಗಲಿ, ತೋಳುಬಂದಿ ಹಾಕಿಕೊಂಡೂ ನೋಡಲಿ. ಹುಡುಗನಿಗೂ ಇದು ಬೇಕು. ಪೇಟದ ಸುತ್ತಳತೆ, ಸೂಟು ಹಾಕಿ ಕೂತಾಗ ಪ್ಯಾಂಟು ಬಿಗಿಯುತ್ತದೆಯೇ ಎಂಬುದನ್ನು ಮದುವೆಯ ಮುಂಜಾನೆ ನೋಡುವಂತಾಗಬಾರದು. ಇಬ್ಬರು ತಾಯಂದಿರ ಬ್ಲೌಸುಗಳನ್ನೂ ಇದೇ ಪಟ್ಟಿಗೆ ಸೇರಿಸಿ. ಎಲ್ಲರದ್ದೂ ಆದ ಮೇಲೆ ನಮ್ಮದು ಎಂದುಕೊಂಡು ಕೊನೆಗೆ ಹಳೆಯ ಬ್ಲೌಸು ಹಾಕಿಕೊಂಡು ನಿಲ್ಲುವ ಅಮ್ಮಂದಿರನ್ನು ಕಂಡಾಗ ನನಗೆ ಬಹಳ ಬೇಸರವಾಗುತ್ತದೆ.

ಲಗ್ನಪತ್ರಿಕೆಯ ಲೆಕ್ಕ ಧನುರ್ಮಾಸದಿಂದಲೇ ಶುರು. ಸಂಕ್ರಾಂತಿ ಕಳೆದ ಮೇಲೆ ಹಂಚಲು ಸಿಗುವುದು ನಾಲ್ಕೇ ವಾರ. ಆದ್ದರಿಂದ ನವೆಂಬರಿನಲ್ಲೇ ಕರಡು ತರಿಸಿ, ಡಿಸೆಂಬರ್ ಮೊದಲ ವಾರದೊಳಗೆ ಅಚ್ಚಾಗಿ ಮನೆದೇವರ ಮುಂದೆ ಮೊದಲ ಪತ್ರಿಕೆ ಇಟ್ಟುಬಿಡುವುದು ಒಳ್ಳೆಯದು. ಕರಡನ್ನು ಇಬ್ಬರು ಬೇರೆ ಬೇರೆಯಾಗಿ ಓದಲಿ. ತಪ್ಪು ಹೆಚ್ಚಾಗಿ ಅಡಗಿರುವುದು ತಾರೀಖಿಗೆ ವಾರ ಹೊಂದದಿರುವಲ್ಲಿ, ದೊಡ್ಡಪ್ಪನ ಮಗನ ಹೆಸರು ಬಿಟ್ಟುಹೋಗುವಲ್ಲಿ. ವಧುವರರ ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ, ಮದುವೆ ನೋಂದಣಿಗೆ ಈ ಪತ್ರಿಕೆಯನ್ನೂ ಕೇಳುತ್ತಾರೆ. 900 ಜನರ ಊಟಕ್ಕೆ 900 ಪತ್ರಿಕೆ ಬೇಕಿಲ್ಲ. ಮನೆಗೊಂದರಂತೆ ಪಟ್ಟಿ ಬರೆದರೆ 350ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಂಚುವಾಗ ಪಟ್ಟಿಯನ್ನು ನೆಂಟಸ್ತಿಕೆಯ ಪ್ರಕಾರ ಇಟ್ಟುಕೊಳ್ಳದೆ ಊರು, ಬಡಾವಣೆ, ಬಸ್ಸಿನ ದಾರಿಯ ಪ್ರಕಾರ ಜೋಡಿಸಿಕೊಂಡರೆ ಒಂದೇ ಬೀದಿಗೆ ಮೂರು ಸಲ ಹೋಗುವುದು ತಪ್ಪುತ್ತದೆ.

ಮುಂಬೈ, ದೆಹಲಿಯಲ್ಲಿರುವ ನೆಂಟರು ಮಾತ್ರ ಪತ್ರಿಕೆಗಾಗಿ ಕಾಯುವಂತಿಲ್ಲ. ರೈಲು ಟಿಕೆಟ್ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ ಪ್ರಯಾಣಕ್ಕೆ 60 ದಿನ ಮುಂಚೆ ತೆರೆಯುತ್ತದೆ. ಫೆಬ್ರವರಿ ಎರಡನೇ ವಾರದ ಮದುವೆಗೆ ಅದು ಡಿಸೆಂಬರ್ ಎರಡನೇ ವಾರ. ಅವರಿಗೆ ನವೆಂಬರಿನಲ್ಲೇ ಫೋನ್ ಮಾಡಿ ದಿನ, ಛತ್ರ ತಿಳಿಸಿ, ಪತ್ರಿಕೆ ಆಮೇಲೆ ಕಳಿಸಿದರೆ ಯಾರೂ ಬೇಸರಪಡುವುದಿಲ್ಲ.

ಇಷ್ಟನ್ನೂ ನೆನಪಿಡುವುದು ಒಬ್ಬರ ಕೈಲಾಗದು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಮನೆಯವರ ವಾಟ್ಸಾಪ್ ಗುಂಪಿನಲ್ಲೂ ಹಾಕಿ. ಬರೆಯುವಾಗ ‘ಟೈಲರ್’ ಎಂದಷ್ಟೇ ಬರೆದರೆ ಆ ದಿನ ಬಂದಾಗ ಯಾರಿಗೂ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ‘ಚಿಕ್ಕಮ್ಮ ಟೈಲರಿಗೆ ಫೋನ್ ಮಾಡಿ ಬ್ಲೌಸ್ ಮಗ್ಗಕ್ಕೆ ಹೋಗಿದೆಯಾ ಕೇಳಬೇಕು’ ಎಂದು ಹೆಸರು, ಕೆಲಸ, ಫೋನ್ ನಂಬರು ಸೇರಿಸಿ ಬರೆಯಿರಿ. ಕೊಟ್ಟ ಮಾತಿನ ದಿನಕ್ಕಿಂತ ಎರಡು ವಾರ ಮುಂಚಿನ ತಾರೀಖಿಗೆ ಇನ್ನೊಂದು ಜ್ಞಾಪನೆ ಇರಲಿ. ಕೆಲಸ ಶುರುವೇ ಆಗಿಲ್ಲ ಎಂಬುದು ಆಗಲೇ ತಿಳಿದರೆ ಬೇರೆ ದಾರಿ ಹುಡುಕಲು ಸಮಯ ಉಳಿಯುತ್ತದೆ. ಪತ್ರಿಕೆ ಹಂಚಿ ಮುಗಿಸುವಾಗ ನಾಲ್ಕೈದನ್ನು ಆಧಾರ್ ನಕಲುಗಳ ಜೊತೆ ಒಂದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿ ಇಟ್ಟುಬಿಡಿ. ಮದುವೆಯ ಫೋಟೋಗಳು ಬಂದ ಮೇಲೆ ಅವನ್ನೂ ಅದೇ ಲಕೋಟೆಗೆ ಸೇರಿಸಿ. ನೋಂದಣಿಗೆ ಹೋಗುವಾಗ ಅದನ್ನು ಕೈಗೆತ್ತಿಕೊಂಡು ಹೊರಟರಾಯಿತು.