ನಿಮಗಿದು ಗೊತ್ತೆ? ‘ಎರಡು ಪುಸ್ತಕ’ ತಪ್ಪಲ್ಲ!

ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿರುವ ಮಲವಗೊಪ್ಪದಲ್ಲಿ ಬಸ್ಸಿಗೆ ಕಾಯುವವರು ‘ಆಗಲೇ ಎರಡು ಬಸ್ ಹೋಯ್ತು’ ಎನ್ನುತ್ತಾರೆ. ‘ಎರಡು ಬಸ್ಸುಗಳು ಹೋದವು’ ಎಂಬುದು ಹೆಚ್ಚಾಗಿ ಬರಹದ ಮಾತು. ಎರಡೂ ಸರಿಯಾದ ಕನ್ನಡವೇ.

ವಸ್ತುವಿನ ಹೆಸರಿನ ಹಿಂದೆ ಸಂಖ್ಯೆ ಬಂದರೆ ಹಲವು ಎಂಬ ಅರ್ಥ ಆಗಲೇ ಸಿಕ್ಕಿರುತ್ತದೆ. ಹಾಗಾಗಿ ‘ಗಳು’ ಐಚ್ಛಿಕ: ಎರಡು ಪುಸ್ತಕ, ಮೂರು ಮರ, ನಾಲ್ಕು ಎಮ್ಮೆ. ಅಳತೆ ಮತ್ತು ಹಣದ ಮಾತಿನಲ್ಲಂತೂ ಅದು ಬೇಡವೇ ಬೇಡ. ‘ಹತ್ತು ಟನ್ ಕಬ್ಬು’, ‘ಐವತ್ತು ರೂಪಾಯಿ ಕೊಡಿ’ ಎಂದರೆ ಸಾಕು.

ಆದರೆ ಮನುಷ್ಯರ ವಿಷಯದಲ್ಲಿ ಕನ್ನಡ ಪಟ್ಟು ಹಿಡಿಯುತ್ತದೆ. ‘ಎರಡು ಹುಡುಗ’ ಎನ್ನಲು ಬಾರದು. ‘ಇಬ್ಬರು ಹುಡುಗರು’ ಎನ್ನಬೇಕು. ಇಲ್ಲಿ ನಾಮಪದಕ್ಕೆ ಬಹುವಚನ ಸೇರುವುದಷ್ಟೇ ಅಲ್ಲ, ಸಂಖ್ಯೆಯ ರೂಪವೂ ಬದಲಾಗುತ್ತದೆ: ಇಬ್ಬರು, ಮೂವರು, ನಾಲ್ವರು, ಐವರು. ಸಂಖ್ಯೆ ದೊಡ್ಡದಾದಾಗ ‘ಜನ’ ನೆರವಿಗೆ ಬರುತ್ತದೆ. ‘ಇಪ್ಪತ್ತು ಜನ ಹುಡುಗರು’ ಎನ್ನುವಾಗ ‘ಜನ’ ಹಾಗೇ ಉಳಿದು, ‘ಹುಡುಗರು’ ಬಹುವಚನ ಪಡೆಯುತ್ತದೆ.

ಗೊತ್ತಿರುವ ವಸ್ತುಗಳನ್ನೇ ಬೊಟ್ಟು ಮಾಡಿ ಹೇಳುವಾಗ ‘ಆ ಎರಡು ಪುಸ್ತಕಗಳನ್ನು ಕೊಡಿ’ ಎಂಬ ರೂಪ ಚೆನ್ನಾಗಿ ಒಪ್ಪುತ್ತದೆ. ಕರ್ತೃಪದಕ್ಕೆ ‘ಗಳು’ ಬಂದಾಗ ಕ್ರಿಯಾಪದವೂ ಬಹುವಚನದಲ್ಲೇ ಇರಬೇಕು. ‘ಎರಡು ಪುಸ್ತಕಗಳು ಬಿತ್ತು’ ಎಂದು ಬರೆದರೆ ಅದು ತಪ್ಪು.

ಟರ್ಕಿಯ ಭಾಷೆಯಲ್ಲೂ ಎರಡು ಪುಸ್ತಕಕ್ಕೆ ‘ಇಕಿ ಕಿತಾಪ್’ ಎನ್ನುತ್ತಾರೆ. ಸಂಖ್ಯೆಯ ನಂತರ ಅಲ್ಲಿ ಬಹುವಚನದ ಪ್ರತ್ಯಯ ಬರುವುದಿಲ್ಲ. ಮಕ್ಕಳು ‘ಎರಡು ಪುಸ್ತಕ’ ಎಂದು ಬರೆದರೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ.