‘ಭೂದಾಖಲೆ’ ಅಂತ ಯಾರೂ ಹುಡುಕಲ್ಲ: ಬ್ಲಾಗ್ ಶೀರ್ಷಿಕೆ ಜನರ ಮಾತಲ್ಲಿರಲಿ

ಇವತ್ತಿನ ಸಂಚಿಕೆಯಲ್ಲಿ ಒಂದೇ ಒಂದು ಶೀರ್ಷಿಕೆಯನ್ನು ರಿಪೇರಿ ಮಾಡೋಣ. ಮೊಬೈಲ್‌ನಲ್ಲಿ ಪಹಣಿ ನೋಡೋದು ಹೇಗೆ ಅಂತ ನೀವೊಂದು ಬ್ಲಾಗ್ ಬರೆದಿದ್ದೀರಿ ಅಂದ್ಕೊಳ್ಳಿ. ಅದಕ್ಕೆ ಕೊಟ್ಟ ಹೆಸರು, ‘ನಮ್ಮ ಭೂಮಿ, ನಮ್ಮ ಹಕ್ಕು: ಭೂದಾಖಲೆಗಳ ಸಮಗ್ರ ಪರಿಚಯ’. ಕೇಳೋಕೆ ಚೆನ್ನಾಗಿದೆ. ಆದರೆ ಹೊಲದ ಬದುವಿನಲ್ಲಿ ನಿಂತು ಫೋನ್ ತೆಗೆದವರು ಇದರಲ್ಲಿ ಯಾವ ಪದವನ್ನು ಟೈಪ್ ಮಾಡ್ತಾರೆ? ಬಹುಶಃ ಒಂದನ್ನೂ ಇಲ್ಲ.

ಅವರು ಟೈಪ್ ಮಾಡೋದು ನಾಡಕಚೇರಿ ಕೌಂಟರ್‌ನಲ್ಲಿ ಆಡುವ ಮಾತನ್ನೇ: ಪಹಣಿ, ಆರ್‌ಟಿಸಿ, ಸರ್ವೆ ನಂಬರ್. ಅದೂ ಒಂದೇ ಲಿಪಿಯಲ್ಲಲ್ಲ. ಕೆಲವರು ಕನ್ನಡದಲ್ಲಿ ‘ಪಹಣಿ’ ಅಂತಾರೆ. ಕೆಲವರು ಇಂಗ್ಲಿಷ್ ಕೀಬೋರ್ಡ್‌ನಲ್ಲೇ `pahani` ಅಂತ ಒತ್ತುತ್ತಾರೆ. ಇನ್ನು ಕೆಲವರು `RTC` ಅಂತ ಹಾಕಿ ಸುಮ್ಮನಾಗ್ತಾರೆ. ಮೈಕ್ ಒತ್ತಿ ಕೇಳುವವರು ಮಾತ್ರ ‘ಪಹಣಿ ನೋಡೋದು ಹೇಗೆ’ ಅಂತ ಪೂರ್ತಿ ವಾಕ್ಯ ಹೇಳ್ತಾರೆ.

ಇದನ್ನು ನೀವೇ ಪರೀಕ್ಷಿಸಬಹುದು. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಟ್ಯಾಬ್ ತೆರೆದರೆ ನಿಮ್ಮ ಹಳೆಯ ಹುಡುಕಾಟಗಳು ಅಷ್ಟಾಗಿ ಅಡ್ಡ ಬರಲ್ಲ. ಗೂಗಲ್‌ನಲ್ಲಿ `pahani` ಅಂತ ಬರೆದು, ಎಂಟರ್ ಒತ್ತದೆ ನಿಲ್ಲಿಸಿ. ಕೆಳಗೆ ಇಳಿಯುವ ಸಲಹೆಗಳನ್ನು ಹಾಗೇ ಬರ್ಕೊಳ್ಳಿ. ಆಮೇಲೆ ‘ಪಹಣಿ’ ಅಂತ ಕನ್ನಡದಲ್ಲಿ ಹಾಕಿ ಮತ್ತೆ ನೋಡಿ. ಎರಡೂ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಪದಗಳೇ ನಿಮ್ಮ ಶೀರ್ಷಿಕೆಯ ಕಚ್ಚಾ ಸಾಮಗ್ರಿ.

ಪದ ಸಿಕ್ಕ ಮೇಲೆ ಅದರ ಹಿಂದಿನ ಉದ್ದೇಶವನ್ನೂ ಗಮನಿಸಬೇಕು. ಪಹಣಿ ‘ನೋಡುವುದು’ ಬೇರೆ, ‘ಪಡೆಯುವುದು’ ಬೇರೆ. ಭೂಮಿ ವೆಬ್‌ಸೈಟ್‌ನಲ್ಲಿ ಪಹಣಿಯನ್ನು ಪರದೆ ಮೇಲೆ ಉಚಿತವಾಗಿ ನೋಡಬಹುದು, ಆದರೆ ಅದು ಮಾಹಿತಿಗೆ ಮಾತ್ರ. ಸಾಲಕ್ಕೆ ಅಂತ ಬ್ಯಾಂಕಿಗೆ ಕೊಡೋಕೆ ಶುಲ್ಕ ಕಟ್ಟಿ ತೆಗೆದ, ಸಹಿ ಇರುವ ಪ್ರತಿ ಬೇಕು. ನೀವು ನೋಡೋದನ್ನಷ್ಟೇ ವಿವರಿಸಿ ‘ಉಚಿತ ಪಹಣಿ ಡೌನ್‌ಲೋಡ್’ ಅಂತ ಹೆಸರಿಟ್ಟರೆ ಕ್ಲಿಕ್ ಬರಬಹುದು. ಆದರೆ ಅದನ್ನು ನಂಬಿ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿಕೊಂಡು ಹೋದ ರೈತರಿಗೆ ಒಂದು ದಿನದ ಕೂಲಿಯೂ ಹೋಯ್ತು, ಬಸ್ ಚಾರ್ಜೂ ಹೋಯ್ತು.

ಈಗ ನಮ್ಮ ಶೀರ್ಷಿಕೆ ಮತ್ತು ವಿವರಣೆಯನ್ನು ಹೀಗೆ ಬದಲಿಸೋಣ:

```html
<title>ಪಹಣಿ (RTC) ನೋಡುವುದು ಹೇಗೆ? ಸರ್ವೆ ನಂಬರ್ ಹಾಕಿ ಮೊಬೈಲ್‌ನಲ್ಲೇ</title>
<meta name="description" content="ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಪಹಣಿ ನೋಡುವ ಹಂತಗಳು. ಬ್ಯಾಂಕಿಗೆ ಸಹಿ ಇರುವ ಪ್ರತಿ ಏಕೆ ಬೇಕು ಎಂಬ ವಿವರವೂ ಇದೆ.">
```

ಮುಖ್ಯ ಪದ ಮೊದಲಲ್ಲೇ ಇದೆ ನೋಡಿ. ಮೊಬೈಲ್ ಪರದೆ ಚಿಕ್ಕದು, ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತೆ. ‘ಪಹಣಿಪತ್ರಿಕೆಗಳನ್ನು’ ಅಂತ ಸಮಾಸ, ಪ್ರತ್ಯಯ ಎಲ್ಲ ಅಂಟಿಸಿಲ್ಲ. ಹುಡುಕುವವರು ಪದವನ್ನು ಬಿಡಿಯಾಗಿ ಹಾಕ್ತಾರೆ, ನಾವೂ ಬಿಡಿಯಾಗೇ ಇಟ್ಟಿದ್ದೇವೆ. `RTC` ಒಂದನ್ನು ಇಂಗ್ಲಿಷ್‌ನಲ್ಲೇ ಬಿಟ್ಟಿದ್ದೇವೆ, ಜನ ಅದನ್ನು ಬರೆಯೋದೇ ಹಾಗೆ. ಹಾಗಂತ ಪಹಣಿ, `pahani`, ಆರ್‌ಟಿಸಿ, ಉತಾರ ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಓದೋಕಾಗಲ್ಲ.

`pahani` ಅನ್ನೋದಕ್ಕೆ ಸರಿಯಾದ ಜಾಗ ವೆಬ್ ವಿಳಾಸ. ಅಲ್ಲಿ `pahani-survey-number` ಅಂತ ಇಡಿ. ಕನ್ನಡದಲ್ಲಿಟ್ಟರೂ ಕೆಲಸ ಮಾಡುತ್ತೆ, ಆದರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ‘ಪ’ ಅನ್ನೋ ಒಂದೇ ಅಕ್ಷರ `%E0%B2%AA` ಅಂತ ಒಂಬತ್ತು ಚಿಹ್ನೆಗಳಾಗಿ ಹಿಗ್ಗಬಹುದು. ಇಂಥ ಕೊಂಡಿ ನೋಡಿದವರು ಏನೋ ಮೋಸದ ಲಿಂಕ್ ಅಂದ್ಕೊಳ್ತಾರೆ.

ವಿವರಣೆ ಚೆನ್ನಾಗಿದ್ದ ಮಾತ್ರಕ್ಕೆ ಪುಟ ಮೇಲಕ್ಕೇರಲ್ಲ. ಗೂಗಲ್ ಅದನ್ನು ರ‍್ಯಾಂಕಿಂಗ್‌ಗೆ ಬಳಸಲ್ಲ, ಕೆಲವೊಮ್ಮೆ ಅದನ್ನು ಬಿಟ್ಟು ಪುಟದೊಳಗಿನ ಬೇರೆ ಸಾಲನ್ನೇ ತೋರಿಸುತ್ತೆ. ಹತ್ತು ಫಲಿತಾಂಶಗಳ ನಡುವೆ ನಿಮ್ಮದನ್ನೇ ಒತ್ತಲು ಕಾರಣ ಕೊಡೋದು ಅದರ ಕೆಲಸ.

ಕೆಲವು ವಾರ ಬಿಟ್ಟು ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಯಾವ ಪದ ಹಾಕಿದವರಿಗೆ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನೋದು ಅಲ್ಲಿರುತ್ತೆ. ಮೇಲಿನ ಸ್ಥಾನದಲ್ಲೇ ಕಾಣಿಸುತ್ತಿದ್ದೂ ಯಾರೂ ಒತ್ತದಿದ್ದರೆ ಶೀರ್ಷಿಕೆ, ವಿವರಣೆ ತಿದ್ದಿ. ಕಾಣಿಸುವುದೇ ಇಲ್ಲ ಅಂದ್ರೆ ಮೊದಲು ಪುಟ ಇಂಡೆಕ್ಸ್ ಆಗಿದೆಯಾ ನೋಡಿ, ಆಮೇಲೆ ಜನರ ಪದ ಬರಹದೊಳಗೂ ಇದೆಯಾ ನೋಡಿ. ನೀವು ಯೋಚಿಸದ ಪ್ರಶ್ನೆಯೂ ಆ ಪಟ್ಟಿಯಲ್ಲಿ ಸಿಗಬಹುದು. ‘ಸರ್ವೆ ನಂಬರ್ ಗೊತ್ತಿಲ್ಲ’ ಅಂತ ಯಾರಾದರೂ ಹುಡುಕಿ ಬಂದಿದ್ದರೆ, ಹಳೆಯ ಪಹಣಿ ಅಥವಾ ಕ್ರಯಪತ್ರದಲ್ಲಿ ಅದು ಸಿಗುತ್ತೆ ಅಂತ ತಿಳಿಸುವ ಮುಂದಿನ ಬರಹಕ್ಕೆ ಅವರೇ ಶೀರ್ಷಿಕೆ ಕೊಟ್ಟಾಯ್ತು.