ಐದನೇ ತಿಂಗಳಿಗೆ ಒಂದು ಎಣ್ಣೆ ಮಸಾಜ್

ಹುಬ್ಬು ತಿದ್ದಿಸಲು ಮೂರು ವಾರಕ್ಕೊಮ್ಮೆ ಬರುವಾಕೆ ರಿಯಾಯಿತಿ ಇಲ್ಲದಿದ್ದರೂ ಬರುತ್ತಾಳೆ. ಅಲ್ಲಿ ಹತ್ತು ರೂಪಾಯಿ ಬಿಟ್ಟರೆ ಅದು ಬರೀ ನಷ್ಟ. ಪಾರ್ಲರ್‌ನ ಅಂಕ ಯೋಜನೆ ಆಕೆಗೆ ಇನ್ನೊಂದು ಸೇವೆಯ ರುಚಿ ಹತ್ತಿಸಬೇಕು.

ಒಬ್ಬಾಕೆ ತಿಂಗಳಿಗೆ 400 ರೂಪಾಯಿ ಖರ್ಚು ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ನೂರು ರೂಪಾಯಿಗೆ 5 ಅಂಕವೆಂದರೆ ಐದು ತಿಂಗಳಿಗೆ 100 ಅಂಕ. ಅದಕ್ಕೆ 100 ರೂಪಾಯಿ ಕಡಿತ ಕೊಟ್ಟರೆ ಅಷ್ಟೂ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ. ಬದಲಿಗೆ 200 ರೂಪಾಯಿಯ ತಲೆ ಮಸಾಜ್ ಕೊಡಿ, ಗಿರಾಕಿ ಕಡಿಮೆ ಇರುವ ವಾರದ ಮಧ್ಯಾಹ್ನಗಳಲ್ಲಿ ಮಾತ್ರ. ಕೆಲಸದ ಹುಡುಗಿ ಹೇಗೂ ಖಾಲಿ ಕೂತಿರುತ್ತಾಳೆ. ಹೆಚ್ಚುವರಿ ಖರ್ಚು ಎಣ್ಣೆ, ಶಾಂಪೂ, ಟವೆಲ್ ಒಗೆತದ್ದು. ಆಕೆಗೆ ಸಿಕ್ಕಿದ್ದು 200ರ ಸುಖ.

ಗೆಳತಿಯನ್ನು ಕರೆತಂದವರಿಗೆ 50 ಅಂಕ ಕೊಡಿ, ಆದರೆ ಹೊಸಬಳು ಎರಡನೇ ಸಲ ಬಂದ ಮೇಲೆ. ಮದುವೆ ಸೀಸನ್ನಿನಲ್ಲಿ ಒಮ್ಮೆ ಬಂದು ಮತ್ತೆ ಮುಖ ತೋರಿಸದವರು ಬಹಳ. ಹೊಸಬಳಿಗೂ ಎರಡನೇ ಭೇಟಿಯಲ್ಲೇ ಹುಬ್ಬು ಉಚಿತ ಮಾಡಿದರೆ ಮರಳಲು ನೆಪ ಸಿಗುತ್ತದೆ. "ಯಾರು ಹೇಳಿದ್ರಮ್ಮಾ?" ಎಂದು ಮೊದಲ ಬಿಲ್ಲಿನಲ್ಲೇ ಕೇಳಿ ಬರೆದಿಡಿ, ಆಮೇಲೆ ಕೇಳಿದರೆ ಇಬ್ಬರು ಹಕ್ಕು ಸಾಧಿಸುತ್ತಾರೆ, ಒಬ್ಬರು ಮುನಿಸಿಕೊಳ್ಳುತ್ತಾರೆ. ಅಮ್ಮ, ಮಗಳು ಒಂದೇ ಮೊಬೈಲ್ ನಂಬರ್ ಕೊಡುವುದುಂಟು, ಹೆಸರನ್ನೂ ಸೇರಿಸಿ.

ಆರು ತಿಂಗಳಾದ ಮೇಲೆ ಪುಸ್ತಕ ತೆರೆಯಿರಿ. ಅಂಕ ತುಂಬಿದ ಹೆಸರುಗಳೇ ಕಡಿಮೆ ಇದ್ದರೆ ಗುರಿ ದೂರವಾಗಿದೆ, 80ಕ್ಕೆ ಇಳಿಸಿ.